ಮುತ್ಯಾನನ್ನು ಹಳೇ ಫೋಟೋದೊಳಗೆ ನಿಲ್ಲಿಸುವ ಕಥೆ: ಕೊನೆ ಹೇಗಿದೆ ನೋಡಿ

ಸೇಡಂ ರಸ್ತೆ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕಥೆ ಬರೆದಿದ್ದೇನೆ. ಪೂರ್ತಿ ಕಲ್ಪನೆ, ನಮ್ಮ ಮನೆಯದಲ್ಲ. ಚಿತ್ತಾಪುರದ ಕಡೆ ಹಳ್ಳಿ ಅಂದುಕೊಳ್ಳಿ. ಎರಡು ಅನುಮಾನ ಇವೆ. ಮೊಮ್ಮಗ ಮಾಡುವ ಫೋಟೋ ಕೆಲಸ ನಂಬುವ ಹಾಗಿದೆಯಾ? ಕೊನೆ ಸಪ್ಪೆ ಆಯ್ತಾ? ಮುಲಾಜಿಲ್ಲದೆ ಹೇಳಿ.

*ಫೋಟೋ ನಡುಮನೆಯ ಬಾಗಿಲ ಮೇಲಿತ್ತು. 1973ರದ್ದು. ಬರ ಬಿದ್ದ ಮರುವರ್ಷ, ಸಣ್ಣ ಮುತ್ಯಾನ ಮದುವೆಯ ಮರುದಿನ ಮನೆ ಮುಂದೆಯೇ ತೆಗೆದದ್ದು. ಒಟ್ಟು 22 ಜನ. ನಡುವೆ ಕುರ್ಚಿಯಲ್ಲಿ ಆಯಿಯ ಮಾವ, ರುಮಾಲು ಸುತ್ತಿಕೊಂಡು, ಕೈಯಲ್ಲಿ ಬಡಿಗೆ. ಪಕ್ಕದ ಕುರ್ಚಿಯಲ್ಲಿ ಅತ್ತೆ. ಮುಂದೆ ಜಮಖಾನೆ ಮೇಲೆ ಹುಡುಗರು. ಎಡಗಡೆ ಹೆಂಗಸರ ಗುಂಪಿನಲ್ಲಿ ಆಯಿ, ಸೆರಗು ಹಣೆಯವರೆಗೆ. ಹಿಂದಿನ ಸಾಲಿನಲ್ಲಿ ಗಂಡಸರು. ಆ ಸಾಲಿನ ನಡುವೆ ಒಬ್ಬ ನಿಲ್ಲುವಷ್ಟು ಜಾಗ ಖಾಲಿ.*

*ಆ ಜಾಗ ಮುತ್ಯಾನದು ಎಂದು ಶರಣುಗೆ ಸಣ್ಣವನಿದ್ದಾಗಿನಿಂದ ಗೊತ್ತು. ಆ ವರ್ಷ ಮುತ್ಯಾ ಮುಂಬೈಯಲ್ಲಿ ಕಟ್ಟಡದ ಕೆಲಸದಲ್ಲಿದ್ದ. ತಮ್ಮನ ಮದುವೆಗೆ ದುಡ್ಡು ಕಳಿಸಿದ, ತಾನು ಬರಲಿಲ್ಲ. ಬಂದರೆ ಕೂಲಿ ತಪ್ಪುತ್ತಿತ್ತು.*

*ಮುತ್ಯಾ ತೀರಿಕೊಂಡ ಮೇಲೆ ಆಯಿ ಆ ಫೋಟೋ ಕೆಳಗೇ ಕೂಡತೊಡಗಿದಳು. ಮುತ್ಯಾನ ಫೋಟೋ ಅಂತ ಮನೆಯಲ್ಲಿ ಉಳಿದಿದ್ದು ಒಂದೇ. ವೃದ್ಧಾಪ್ಯ ವೇತನದ ಕಾಗದಕ್ಕೆ ಅಂಟಿಸಿದ್ದ ಕಪ್ಪು-ಬಿಳುಪು ಪಾಸ್‌ಪೋರ್ಟ್ ಸೈಜು. ಗಲ್ಲದ ಮೇಲೆ ನೇರಳೆ ಸೀಲು.*

*ಶರಣು ಎರಡನ್ನೂ ಕಲಬುರಗಿಗೆ ತಂದ. ರೂಮಿನಲ್ಲಿ ರಾತ್ರಿ ಕೂತು ಸೀಲು ಅಳಿಸಿದ. ಮುಖ ಕತ್ತರಿಸಿ ಖಾಲಿ ಜಾಗದಲ್ಲಿ ಇಟ್ಟ. ಬಣ್ಣ ಹೊಂದಿಸಿದ. ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಹೋದ.*

*ಆಯಿ ಕನ್ನಡಕ ಹಾಕಿಕೊಂಡು ನೋಡಿದಳು. ಬೆರಳು ಒಬ್ಬೊಬ್ಬರ ಮೇಲೆ ಹರಿದು ಮುತ್ಯಾನ ಹತ್ತಿರ ನಿಂತಿತು. ಕಣ್ಣು ತುಂಬಿ ಬಂದವು. "ಕಡೀಗೂ ಮದುವಿಗಿ ಬಂದ್ರಲ್ಲ" ಅಂದಳು. ಫೋಟೋ ಎದೆಗೆ ಅವಚಿಕೊಂಡಳು.*

ಇಷ್ಟೇ. ಬೈಗುಳವಾದರೂ ಸರಿ, ಬರೆಯಿರಿ.

ಯಾದಗಿರಿ ಓದುಗ

ಓದಿದೆ. ಮೊದಲ ಮೂರು ಪ್ಯಾರಾ ಚೆನ್ನಾಗಿವೆ. "ಬಂದರೆ ಕೂಲಿ ತಪ್ಪುತ್ತಿತ್ತು" ಅನ್ನುವಲ್ಲಿ ಇಡೀ ಮನುಷ್ಯ ಕಾಣುತ್ತಾನೆ. ಅಲ್ಲಿಂದ ಮುಂದೆ ಎಲ್ಲ ತೀರಾ ಸಲೀಸು. ಹುಡುಗ ಅಂದುಕೊಂಡ, ಮಾಡಿದ, ಆಯಿ ಅತ್ತಳು. ಅವನಿಗೆ ಎಲ್ಲೂ ಏನೂ ಅಡ್ಡ ಬರಲಿಲ್ಲ. ಅಡ್ಡ ಬಾರದೆ ಕಥೆ ಎಲ್ಲಿಂದ ಬರಬೇಕು?

ಎದೆಗೆ ಅವಚಿಕೊಳ್ಳುವ ಆಯಿಯನ್ನು ನಾನಂತೂ ಕಥೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ನಮ್ಮ ಕಡೆ ಮುದುಕಿಯರು ಫೋಟೋ ಕೊಟ್ಟರೆ ಮೊದಲು "ಎಷ್ಟು ಕೊಟ್ಟಿ ಇದಕ್ಕ?" ಅಂತ ಕೇಳುತ್ತಾರೆ.

ಪಿಕ್ಸೆಲ್ ಪಾಟೀಲ

ಟೆಕ್ನಿಕಲ್ ಕಡೆಯಿಂದ ಹೇಳ್ತೀನಿ. ಇದು ಫೋಟೋಶಾಪ್‌ನಲ್ಲಿ ಒಂದು ತಾಸಿನ ಕೆಲಸ. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಎಲ್ಲ ಡಿಟೇಲ್ ಬರುತ್ತೆ. ಮುಖ ಕತ್ತರಿಸಿ ಲೇಯರ್ ಮಾಸ್ಕ್ ಹಾಕಿದರೆ ಆಯ್ತು. ಬೆಳಕು ಬೇರೆ ಕಡೆಯಿಂದ ಇದ್ದರೆ ಮುಖವನ್ನು ಅಡ್ಡಡ್ಡ ಫ್ಲಿಪ್ ಮಾಡಿದರೆ ಸರಿ ಹೋಗುತ್ತೆ. ನಂಬುವ ಹಾಗೇ ಇದೆ, ಚಿಂತೆ ಬೇಡ.

ಹಳೇ ಸ್ಟುಡಿಯೋ

ಪಾಟೀಲರೇ, ಅರ್ಧ ಒಪ್ಪುತ್ತೇನೆ. ಕಲಬುರಗಿಯಲ್ಲಿ ಸ್ಟುಡಿಯೋ ನಡೆಸಿದವನು ನಾನು. ಬ್ರಷ್ಷು, ಬ್ಲೇಡು ಹಿಡಿದು ಟಚಿಂಗ್ ಮಾಡುತ್ತಿದ್ದ ಕಾಲದಿಂದ ಇದ್ದೇನೆ. ತೀರಿಕೊಂಡವರನ್ನು ಫೋಟೋದಲ್ಲಿ ಸೇರಿಸಿ ಕೊಡಿ ಅಂತ ಕೇಳಿಕೊಂಡು ಬರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಖಾಲಿ ಜಾಗ. ಕಥೆಗಾರರೇ, ಗುಂಪು ಫೋಟೋ ತೆಗೆಯುವವನು ಅಂಥ ಜಾಗ ಬಿಡುವುದೇ ಇಲ್ಲ. "ಒತ್ತಿ ನಿಲ್ರಿ, ಒತ್ತಿ ನಿಲ್ರಿ" ಅಂತಲೇ ಗಂಟಲು ಹರಿದುಕೊಳ್ಳುತ್ತಿದ್ದೆವು. 120 ರೋಲಿನಲ್ಲಿ ಚೌಕದ ಫ್ರೇಮಾದರೆ 12 ಫೋಟೋ, ಅಷ್ಟೇ. ಒಂದನ್ನೂ ಹಾಳು ಮಾಡುವ ಹಾಗಿರಲಿಲ್ಲ. ಹಿಂದಿನ ಸಾಲು ಭುಜಕ್ಕೆ ಭುಜ ತಾಗಿಸಿಕೊಂಡೇ ನಿಂತಿರುತ್ತದೆ. ಶರಣುಗೆ ಜಾಗ ಸಿಗುವುದಿಲ್ಲ, ಅವನು ಜಾಗ ಮಾಡಬೇಕು.

ಎರಡನೆಯದು ಮುಖದ ಅಳತೆ. ಆರು-ಎಂಟು ಇಂಚಿನ ಪ್ರಿಂಟಿನಲ್ಲಿ 22 ಜನ ಅಂದರೆ ಒಂದೊಂದು ತಲೆ ಸುಮಾರು 10 ಮಿಲಿಮೀಟರ್. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅದು ಸುಮಾರು 236 ಪಿಕ್ಸೆಲ್ ಎತ್ತರ. ಪಾಸ್‌ಪೋರ್ಟ್ ಫೋಟೋದಲ್ಲಿ ತಲೆ ಸುಮಾರು 30 ಮಿಲಿಮೀಟರ್, ಅಂದರೆ 700ಕ್ಕೂ ಜಾಸ್ತಿ. ಮುತ್ಯಾನ ಮುಖವನ್ನು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಬೇಕು. ಇಳಿಸಿದ ಕೂಡಲೇ ಆ ಮುಖ ಉಳಿದ 22 ಮುಖಗಳಿಗಿಂತ ಚೂಪಾಗಿ ಕಾಣುತ್ತದೆ. ಎಲ್ಲರೂ ಸ್ವಲ್ಪ ಮಸುಕು, ಇವನೊಬ್ಬ ನಿನ್ನೆ ಬಂದವನ ಹಾಗೆ ಕಣ್ಣು ಕುಕ್ಕುತ್ತಾನೆ. ಆದ್ದರಿಂದ ಮುಖವನ್ನು ಬೇಕೆಂದೇ ಸ್ವಲ್ಪ ಮಸುಕು ಮಾಡಿ, ಆಮೇಲೆ ಹಳೇ ಪ್ರಿಂಟಿನಷ್ಟೇ ಕಾಳಿನ ಗ್ರೇನ್ ಮೇಲಿಂದ ಹಾಕಬೇಕು. ಈ ಕ್ರಮ ತಪ್ಪಿಸಬಾರದು. ಗ್ರೇನ್ ಹಾಕಿ ಆಮೇಲೆ ಮಸುಕು ಮಾಡಿದರೆ ಗ್ರೇನೂ ಕರಗಿ ಹೋಗುತ್ತದೆ.

1200ರಲ್ಲಿ ಎಲ್ಲ ಬರುತ್ತೆ ಅನ್ನುವುದು ಸರಿಯಲ್ಲ. ಪ್ರಿಂಟಿನಲ್ಲಿ ಇದ್ದಷ್ಟೇ ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ಬರುವುದು ಕಾಗದದ ನಾರು, ಧೂಳು.

ಮೂರನೆಯದು ಕಪ್ಪು. ಐವತ್ತು ವರ್ಷದ ಪ್ರಿಂಟಿನಲ್ಲಿ ಕಪ್ಪು ಕಪ್ಪಾಗಿರುವುದಿಲ್ಲ, ಕಂದು. ಬಿಳಿಯೂ ಬಿಳಿಯಾಗಿರುವುದಿಲ್ಲ. ಅಂಟಿಸಿದ ಮುಖದ ಕಣ್ಣಗುಡ್ಡೆ ಮಾತ್ರ ಅಪ್ಪಟ ಕಪ್ಪಾಗಿದ್ದರೆ ಯಾರಿಗೂ ಕಾರಣ ಹೇಳಲು ಬರುವುದಿಲ್ಲ, ಆದರೆ ಎಲ್ಲರ ಕಣ್ಣೂ ಅಲ್ಲೇ ಹೋಗುತ್ತದೆ. ಪರೀಕ್ಷೆ ಸುಲಭ. ಮೇಲೊಂದು ಕರ್ವ್ಸ್ ಲೇಯರ್ ಹಾಕಿ ಗೆರೆಯನ್ನು ಸಿಕ್ಕಾಪಟ್ಟೆ ಕಡಿದಾಗಿ ಎಳೆಯಿರಿ. ಫೋಟೋ ವಿಕಾರವಾಗುತ್ತದೆ, ಆಗಲಿ. ಅಂಟಿಸಿದ ಭಾಗ ಹೊಂದಿಲ್ಲದಿದ್ದರೆ ಆಗ ತಾನಾಗೇ ಎದ್ದು ಕಾಣುತ್ತದೆ. ನೋಡಿಕೊಂಡು ಆ ಲೇಯರ್ ತೆಗೆದುಬಿಡಿ.

ಫ್ಲಿಪ್ ವಿಚಾರ ಆಮೇಲೆ ಬರೆಯುತ್ತೇನೆ, ಕರೆಂಟು ಹೋಗುವ ಹೊತ್ತು.

ಭೀಮಾ ತೀರ

ಸರ್ ನಮಸ್ಕಾರ. ನಮ್ಮ ತಂದೆಯವರ ಫೋಟೋ ಒಂದು ಗಾಜಿಗೆ ಅಂಟಿಕೊಂಡಿದೆ. ನಾವು ಜೇವರ್ಗಿ ಕಡೆಯವರು. ನೀವು ಈ ಕೆಲಸಕ್ಕೆ ಎಷ್ಟು ತಗೋತೀರಿ? ಗಾಜು ಬಿಡಿಸಿಕೊಂಡು ತರಬೇಕೋ, ಹಾಗೇ ತರಬೇಕೋ?

ಸೇಡಂ ರಸ್ತೆ

ಅಣ್ಣಾ, ಇದು ಕಥೆ. ನಾನು ಸ್ಟುಡಿಯೋದವನಲ್ಲ. ಹಳೇ ಸ್ಟುಡಿಯೋ ಸರ್ ಉತ್ತರ ಕೊಡಬಹುದು.

ಹಳೇ ಸ್ಟುಡಿಯೋ

ಭೀಮಾ ತೀರದವರೇ, ದಯವಿಟ್ಟು ಬಿಡಿಸಬೇಡಿ. ಫೋಟೋದ ಮೇಲ್ಪದರ ಜೆಲಟಿನ್. ಮಳೆಗಾಲದ ತೇವಕ್ಕೆ ಮೆತ್ತಗಾಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತದೆ, ಮುಖ ಗಾಜಿನ ಮೇಲೆ ಉಳಿಯುತ್ತದೆ. ಹಿಂದಿನ ರಟ್ಟು ತೆಗೆದು ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ ಗಾಜಿನ ದಪ್ಪದಷ್ಟು ದೂರವಾದರೂ ಮಸುಕಾಗುತ್ತದೆ. ಹಳೇ ದಪ್ಪ ಸ್ಕ್ಯಾನರ್ ಇದ್ದರೆ ಅದರಲ್ಲಿ ಮಾಡಿಸಿ. ನಾನೀಗ ಕೆಲಸ ಬಿಟ್ಟಿದ್ದೇನೆ, ದುಡ್ಡಿನ ಮಾತು ಬೇಡ.

ಈಗ ಫ್ಲಿಪ್. ಮನೆ ಮುಂದಿನ ಫೋಟೋ ಬಿಸಿಲಿನಲ್ಲಿ ತೆಗೆದದ್ದು. ಬೆಳಗಿನ ಹೊತ್ತಾದರೆ ಎಲ್ಲರ ಮೂಗಿನ ನೆರಳೂ ಒಂದೇ ಕಡೆ ಬಿದ್ದಿರುತ್ತದೆ. ಪಾಸ್‌ಪೋರ್ಟ್ ಫೋಟೋದಲ್ಲಿ ಎರಡೂ ಕಡೆ ಲೈಟು, ನೆರಳೇ ಇಲ್ಲ. ನೆರಳಿಲ್ಲದ ಮುಖವನ್ನು ಫ್ಲಿಪ್ ಮಾಡಿ ಏನು ಸಿಗುತ್ತದೆ? ನೆರಳನ್ನು ನಾವೇ ಬರೆಯಬೇಕು. ಮೂಗಿನ ಪಕ್ಕ, ಹುಬ್ಬಿನ ಕೆಳಗೆ, ಗದ್ದದ ಕೆಳಗೆ, ಪಕ್ಕದವನ ಮುಖ ನೋಡಿ ನೋಡಿ.

ಒಂದು ವೇಳೆ ನೆರಳಿದ್ದು ಫ್ಲಿಪ್ ಮಾಡಿದರೂ ಬೆಳಕು ಸರಿಯಾಗುತ್ತದೆ, ಮನುಷ್ಯ ತಪ್ಪಾಗುತ್ತಾನೆ. ಎಡಗಲ್ಲದ ಮಚ್ಚೆ ಬಲಕ್ಕೆ ಬರುತ್ತದೆ. ಯಾರ ಮುಖವೂ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಊರವರು ಗುರುತು ಹಿಡಿಯದೆ ಇರಬಹುದು, ಹೆಂಡತಿ ಹಿಡಿಯುತ್ತಾಳೆ.

ಸೀಲಿನ ವಿಚಾರದಲ್ಲಿ ಶರಣುಗೆ ಒಂದು ಉಪಾಯ ಕೊಡುತ್ತೇನೆ. ಕಪ್ಪು-ಬಿಳುಪು ಫೋಟೋ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಲಿ. ಆಮೇಲೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ನೋಡಲಿ. ನೇರಳೆ ಶಾಯಿ ಹಸಿರಿನಲ್ಲಿ ಕಪ್ಪಗೆ ಕಾಣುತ್ತದೆ, ನೀಲಿಯಲ್ಲಿ ಹೆಚ್ಚುಕಡಿಮೆ ಮಾಯ. ನೀಲಿ ಚಾನೆಲ್ ಒಂದನ್ನೇ ಇಟ್ಟುಕೊಂಡರೆ ಅರ್ಧ ರಾತ್ರಿಯ ಕೆಲಸ ಉಳಿಯಿತು. ಕಾಗದ ಹಳದಿಯಾಗಿ ಕಲೆ ಬಿದ್ದಿದ್ದರೆ ಮಾತ್ರ ಅದೇ ನೀಲಿಯಲ್ಲಿ ಕಲೆ ಜಾಸ್ತಿ ಕಾಣುತ್ತದೆ. ಕಲೆಗೆ ಕೆಂಪು ಚಾನೆಲ್ ಒಳ್ಳೆಯದು. ಒಂದೊಂದು ಜಾಗಕ್ಕೆ ಒಂದೊಂದರಿಂದ ತೆಗೆದುಕೊಂಡು ಸೇರಿಸಬೇಕು.

ಬಸವಕಲ್ಯಾಣದ ಸೊಸೆ

ನನಗೆ ಈ ಚಾನೆಲ್ಲು ಗೀನೆಲ್ಲು ಗೊತ್ತಿಲ್ಲ. ಕಥೆ ಓದಿದಾಗ ಬೇರೆಯೇ ಒಂದು ಪ್ರಶ್ನೆ ಬಂತು, ಯಾರೂ ಕೇಳಲಿಲ್ಲ.

1973ರಲ್ಲಿ ಮುತ್ಯಾನಿಗೆ ಎಷ್ಟು ವಯಸ್ಸು? ತಮ್ಮನ ಮದುವೆ ಅಂದರೆ ಮೂವತ್ತೋ ಮೂವತ್ತೈದೋ. ವೃದ್ಧಾಪ್ಯ ವೇತನದ ಫೋಟೋದಲ್ಲಿ? ಅರವತ್ತು ದಾಟಿರಲೇಬೇಕು. ಹಾಗಾದರೆ ಆ ಗುಂಪಿನಲ್ಲಿ ಆಯಿ ಇನ್ನೂ ಎಳೇ ಸೊಸೆ. ಆಕೆಯ ಗಂಡ ಬಿಳಿ ಮೀಸೆ, ಹಲ್ಲಿಲ್ಲದ ಬಾಯಿ, ತಲೆ ಮೇಲೆ ರುಮಾಲು. ನಮ್ಮ ಕಡೆ ವಯಸ್ಸಾದ ಮೇಲೆ ಗಂಡುಮಕ್ಕಳು ಅಚ್ಚು ಅಪ್ಪನ ಹಾಗೇ ಆಗುತ್ತಾರೆ. ಅದರಲ್ಲೂ ರುಮಾಲು ಸುತ್ತಿ, ಇಬತ್ತಿ ಹಚ್ಚಿಕೊಂಡರೆ ಮುಗೀತು.

ಆಯಿ ಆ ಫೋಟೋ ನೋಡಿದರೆ ಗಂಡ ಅನ್ನುವುದಿಲ್ಲ. ಮಾವ ಅಂತಾಳೆ. ಮಾವ ಈಗಾಗಲೇ ಕುರ್ಚಿ ಮೇಲೆ ಕೂತಿದ್ದಾರೆ. "ಮಾವಾರು ಕುಂತೂ ಅದಾರ, ನಿಂತೂ ಅದಾರ, ಇದೇನೋ?" ಅಂತ ಕೇಳಬೇಕು ಆಕೆ. ನನ್ನ ಅತ್ತೆಯವರಾಗಿದ್ದರೆ ಕೇಳುತ್ತಾ ಕೇಳುತ್ತಾ ತಲೆ ಮೇಲೆ ಸೆರಗನ್ನೂ ಎಳೆದುಕೊಳ್ಳುತ್ತಿದ್ದರು. ಮಾವನವರ ಫೋಟೋ ಮುಂದೆ ಬರಿದಲೆಯಲ್ಲಿ ನಿಂತಿದ್ದನ್ನು ನಾನು ನೋಡಿಲ್ಲ.

ಯಾದಗಿರಿ ಓದುಗ

ಅಕ್ಕಾ, ಕಥೆ ಅಲ್ಲೇ ಇದೆ. ಸೇಡಂ ರಸ್ತೆಯವರೇ, ಈ ಸಾಲು ಬಿಡಬೇಡಿ.

ಪಿಕ್ಸೆಲ್ ಪಾಟೀಲ

ವಯಸ್ಸು ಇಳಿಸೋದು ಕಷ್ಟ ಅಲ್ಲ. ಮೀಸೆ ಕಪ್ಪು ಮಾಡಿ, ಸುಕ್ಕು ತೆಗೆದು, ಕಣ್ಣ ಕೆಳಗಿನ ಚೀಲ ತೆಗೆದರೆ ಮೂವತ್ತೈದು ಆಗ್ತಾರೆ. ಅದೂ ಬೇಡ ಅಂದರೆ ಮಗನ ಫೋಟೋ ಇರುತ್ತಲ್ವಾ? ಶರಣುವಿನ ಅಪ್ಪ ಮೂವತ್ತೈದರಲ್ಲಿ ತೆಗೆಸಿದ ಫೋಟೋ ಹಾಕಿದರೆ ಅದೇ ಮುಖ. ಸೊಸೆಯವರೇ ಹೇಳಿದ್ರಲ್ಲ, ಮಕ್ಕಳು ಅಪ್ಪನ ಹಾಗೇ ಅಂತ.

ಹಳೇ ಸ್ಟುಡಿಯೋ

ಮಗನ ಮುಖದ ಉಪಾಯ ನಾವೂ ಮಾಡಿದ್ದೇವೆ, ಸುಳ್ಳು ಹೇಳುವುದಿಲ್ಲ. ದೂರದ ನೆಂಟರಿಗೆ ನಡೆಯುತ್ತದೆ. ಹೆತ್ತ ತಾಯಿಗೆ ನಡೆಯುವುದಿಲ್ಲ. ಗಂಡನ ಜಾಗದಲ್ಲಿ ಮಗನನ್ನು ನಿಲ್ಲಿಸಿದ್ದೀರಿ ಅಂತ ಆಕೆಗೆ ಒಂದೇ ನೋಟಕ್ಕೆ ಗೊತ್ತಾದರೆ ಮುಂದೆ ಯಾರ ಮುಖ ಯಾರು ನೋಡಬೇಕು?

ಸುಕ್ಕು ತೆಗೆದರೆ ವಯಸ್ಸು ಇಳಿಯುತ್ತದೆ ಅನ್ನುವುದೂ ಅರ್ಧ ಸತ್ಯ. ವಯಸ್ಸು ಚರ್ಮದಲ್ಲಿ ಮಾತ್ರ ಇರುವುದಿಲ್ಲ. ಹಲ್ಲು ಬಿದ್ದ ಮೇಲೆ ದವಡೆ ಸವೆದು ಮುಖದ ಕೆಳಭಾಗವೇ ಗಿಡ್ಡ ಆಗುತ್ತದೆ, ತುಟಿ ಒಳಗೆ ಹೋಗುತ್ತದೆ. ಕಿವಿ ಉದ್ದವಾಗುತ್ತದೆ, ಮೂಗಿನ ತುದಿ ಜೋಲುತ್ತದೆ. ಇದನ್ನೆಲ್ಲ ಹಿಂದಕ್ಕೆ ತಳ್ಳುತ್ತಾ ಹೋದರೆ ಮೂವತ್ತೈದರ ಒಬ್ಬ ಗಂಡಸು ಸಿಗುತ್ತಾನೆ. ಆದರೆ ಅವನು ಯಾರೂ ಅಲ್ಲ. ಮೂವತ್ತೈದರಲ್ಲಿ ಆ ಮನುಷ್ಯ ಹೇಗಿದ್ದ ಅಂತ ನೋಡಿದ ಕಣ್ಣು ಆ ಮನೆಯಲ್ಲಿ ಆಯಿಯದ್ದೊಂದೇ. ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು "ಗಲ್ಲ ತುಂಬಿತ್ತಾ ಆಯಿ, ಮೀಸೆ ಹ್ಯಾಂಗಿತ್ತು" ಅಂತ ಕೇಳಿ ಕೇಳಿ ಮಾಡಿದರೆ ಹತ್ತಿರ ಬರಬಹುದು. ಆಗ ಅದು ಆಯಿಗೆ ಗೊತ್ತಿಲ್ಲದೆ ಕೊಡುವ ಉಡುಗೊರೆ ಆಗುವುದಿಲ್ಲ.

ನನ್ನ ಅಂಗಡಿಗೆ ಬಂದ ಒಬ್ಬ ಹುಡುಗನಿಗೆ ಇಂಥದ್ದೇ ಮಾಡಿಕೊಟ್ಟಿದ್ದೆ. ಸುಕ್ಕೆಲ್ಲ ತೆಗೆದು ಚೆಂದ ಮಾಡಿದ್ದೆ. ಅಜ್ಜಿ ನೋಡಿ "ಚಲೋ ಅದಾನ, ಯಾರಾಂವ?" ಅಂದರಂತೆ.

ಸೇಡಂ ರಸ್ತೆ

ಸರ್, ಹಾಗಾದರೆ ಮೈ? ಪಾಸ್‌ಪೋರ್ಟ್ ಫೋಟೋದಲ್ಲಿ ಭುಜದವರೆಗೆ ಮಾತ್ರ ಇರುತ್ತಲ್ಲ. ಜಾಗ ಮಾಡುವುದು ಹೇಗೆ ಅಂತಲೂ ಹೇಳಿ. ಕಥೆಯಲ್ಲಿ ಅದನ್ನು ತರಬೇಕು ಅನ್ನಿಸುತ್ತಿದೆ.

ಹಳೇ ಸ್ಟುಡಿಯೋ

ಹಿಂದಿನ ಸಾಲಾದರೆ ಎದೆಯವರೆಗೆ ಸಾಕು. ಕಾಲು, ನೆಲದ ನೆರಳು ಯಾವುದೂ ಬೇಡ. ಕುರ್ಚಿಯಲ್ಲಿ ಕೂರಿಸುವ ಆಸೆ ಬಿಡಿ. ಕೈ, ಮೊಣಕಾಲು, ಧೋತರದ ನಿರಿಗೆ, ಮೆಟ್ಟು, ಎಲ್ಲ ಬರೆಯುತ್ತಾ ಕೂರಬೇಕಾಗುತ್ತದೆ.

ಮೈಯನ್ನು ಅದೇ ಫೋಟೋದಿಂದ ಕಡ ತರುವುದು ಒಳ್ಳೆಯದು. ಅದೇ ಬಿಸಿಲು, ಅದೇ ಗ್ರೇನ್, ಅದೇ ಮಸುಕು. ಹೊಂದಿಸುವ ಕೆಲಸವೇ ಇಲ್ಲ. ಆದರೆ ಒಬ್ಬನ ಅಂಗಿ ಇಬ್ಬರ ಮೈ ಮೇಲೆ ಬರುತ್ತದೆ. ಮಡಿಕೆ ಮಡಿಕೆಗೆ ಹೊಂದಿದರೆ ಸಿಕ್ಕಿಬೀಳುತ್ತೀರಿ. ಅದಕ್ಕೆ ಮಡಿಕೆ ಒಂದೆರಡು ಬದಲಿಸಿ, ಅರ್ಧ ಎದೆಯನ್ನು ಮುಂದಿನವರ ತಲೆಯ ಹಿಂದೆ ಮುಚ್ಚಬೇಕು. ಮುಂದಿನವರ ರುಮಾಲಿನ ಅಂಚು ಕತ್ತರಿಸುವಾಗ ಚೂರಿ ಹಾಕಿದ ಹಾಗೆ ಚೂಪು ಮಾಡಬೇಡಿ. ಹಳೇ ಪ್ರಿಂಟಿನಲ್ಲಿ ಯಾವ ಅಂಚೂ ಅಷ್ಟು ಚೂಪಿರುವುದಿಲ್ಲ.

ಜಾಗ ಮಾಡುವ ಸುಲಭದ ದಾರಿ ಸಾಲಿನ ತುದಿ. ಅಲ್ಲಿ ಸುಣ್ಣದ ಗೋಡೆ ಇದ್ದರೆ ಯಾರನ್ನೂ ಸರಿಸುವುದೇ ಬೇಡ, ಹೋಗಿ ನಿಲ್ಲಿಸಿದರೆ ಆಯ್ತು.

ಬಸವಕಲ್ಯಾಣದ ಸೊಸೆ

ತುದಿಯಲ್ಲಿ ಹ್ಯಾಂಗ್ರೀ ಆಗುತ್ತದೆ? ಹಿರಿಮಗ ಅವನು. ಮದುವೆಗೆ ದುಡ್ಡು ಕೊಟ್ಟವನು. ಹಿರಿಮಗ ಅಪ್ಪನ ಕುರ್ಚಿ ಹಿಂದೆ ನಡುವೆ ನಿಲ್ಲುತ್ತಾನೆ. ತುದಿಯಲ್ಲಿ ನಿಲ್ಲುವವರು ಆಳುಮಕ್ಕಳು, ಇಲ್ಲ ಕರೆಯದೆ ಬಂದ ನೆಂಟರು. ತುದಿಯಲ್ಲಿ ಕಂಡರೆ ಆಯಿಗೆ ಇನ್ನೂ ಬೇಜಾರು.

ಹಳೇ ಸ್ಟುಡಿಯೋ

ನೀವು ಹೇಳುವುದು ಸರಿ ತಂಗಿ. ನಡುವೆಯೇ ನಿಲ್ಲಿಸಬೇಕು ಅಂದರೆ ಫೋಟೋವನ್ನು ಎರಡು ಹೋಳು ಮಾಡಬೇಕು. ನೇರ ಗೆರೆ ಹೊಡೆಯಬಾರದು. ಹಿಂದಿನ ಸಾಲಿನ ಇಬ್ಬರ ನಡುವಿನಿಂದ ಇಳಿದು, ಕುರ್ಚಿಯ ಪಕ್ಕದಲ್ಲಿ ಹಾದು, ಹುಡುಗರ ಸಂದಿಯಲ್ಲಿ ಹೊರಗೆ ಬರುವ ಹಾಗೆ ಅಂಕುಡೊಂಕು ಗೆರೆ. ಆಮೇಲೆ ಬಲಗಡೆಯ ಹೋಳನ್ನು ಒಂದು ಭುಜದಷ್ಟು ಸರಿಸುವುದು. ಮೇಲಿನ ಸುಣ್ಣದ ಗೋಡೆ ತುಂಬುವುದು ಸುಲಭ. ಕೆಳಗೆ ಜಮಖಾನೆ ಪಟ್ಟೆ ಕೂಡುವುದಿಲ್ಲ, ಅದನ್ನು ಒಂದೊಂದಾಗಿ ಜೋಡಿಸಬೇಕು. ನೋಡುವವರು ಮುಖ ನೋಡುತ್ತಾರೆ, ಕಳ್ಳತನ ಸಿಕ್ಕಿಬೀಳುವುದು ಜಮಖಾನೆಯಲ್ಲಿ. ಫೋಟೋ ಅಗಲವೂ ಆಗುತ್ತದೆ, ಹಳೇ ಚೌಕಟ್ಟು ಹಿಡಿಸುವುದಿಲ್ಲ.

ಯಾದಗಿರಿ ಓದುಗ

ಹಾಗಾದರೆ ಒಬ್ಬನಿಗೆ ಜಾಗ ಮಾಡಲು ಮನೆಯ ಅರ್ಧ ಮಂದಿ ಸರಿಯಬೇಕು. ಸೇಡಂ ರಸ್ತೆಯವರೇ, ಇದನ್ನು ಹೀಗೇ ಬರೆಯಿರಿ. ಶರಣು ರಾತ್ರಿ ಕೂತು ಸತ್ತುಹೋದ ಸೋದರತ್ತೆಯನ್ನು, ಜಗಳ ಮಾಡಿ ಬೇರೆಯಾದ ಸಣ್ಣ ಮುತ್ಯಾನನ್ನು, ಯಾರ್ಯಾರನ್ನೋ ಮೌಸ್ ಹಿಡಿದು ಸರಿಸುತ್ತಾನೆ. ಅವನಿಗೆ ಹೆಸರು ಗೊತ್ತಿಲ್ಲದವರೂ ಇರುತ್ತಾರೆ. ಅವನು ಅಲ್ಲಿ ಏನು ಯೋಚಿಸುತ್ತಾನೆ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.

ಸೇಡಂ ರಸ್ತೆ

ಎಲ್ಲರಿಗೂ ಥ್ಯಾಂಕ್ಸ್. ಕೊನೆ ಬದಲಿಸಿ ಬರೆದೆ. ಖಾಲಿ ಜಾಗ ತೆಗೆದಿದ್ದೇನೆ. ಸರಿಸುವ ಕೆಲಸ ಸೇರಿಸಿದ್ದೇನೆ. ವಯಸ್ಸು ಇಳಿಸಲು ಅವನು ಹೋಗುವುದಿಲ್ಲ, ಅದು ಅವನ ತಲೆಗೇ ಬರುವುದಿಲ್ಲ. ಯಾಕಂದರೆ ಅವನು ಕಂಡ ಮುತ್ಯಾ ಅದೇ ಮುದುಕ.

*ಆಯಿ ಕನ್ನಡಕ ಹಾಕಿಕೊಂಡಳು. "ಎಷ್ಟು ಕೊಟ್ಟಿ ಇದಕ್ಕ?"*

*"ನಾನೇ ಮಾಡೀನಿ. ನೋಡು."*

*ಆಯಿ ಹುಡುಗರಿಂದ ಶುರು ಮಾಡಿದಳು. ಸತ್ತವರು, ಇದ್ದವರು, ಹೈದರಾಬಾದಿಗೆ ಹೋದವರು. ಕುರ್ಚಿ ದಾಟಿ ಮೇಲೆ ಹೋದವಳು ನಿಂತಳು. ಮತ್ತೆ ಕೆಳಗೆ ನೋಡಿದಳು.*

*"ಮಾವಾರು ಕುಂತೂ ಅದಾರ, ನಿಂತೂ ಅದಾರ. ಇದೇನೋ ಶರಣ್ಯಾ?"*

*ಹೇಳುತ್ತಲೇ ಬಲಗೈ ಸೆರಗನ್ನು ಹುಡುಕಿ ತಲೆ ಮೇಲೆ ಎಳೆಯಿತು.*

*"ಅದು ಮುತ್ಯಾ, ಆಯಿ."*

*"ಯಾವ ಮುತ್ಯಾ?"*

*"ನಮ್ಮ ಮುತ್ಯಾ. ನಿನ್ನ ಗಂಡ."*

*ಆಯಿ ಫೋಟೋವನ್ನು ಬೆಳಕಿಗೆ ಹಿಡಿದಳು. "ಅವರು ಬಂದಿಲ್ಲಲ್ಲ" ಅಂದಳು. "ಮನಿ ಆರ್ಡರ್ ಬಂದಿತ್ತು. ಪೋಸ್ಟಿನಾಂವ ಓದಿ ಹೇಳಿದ. ನಾ ಬರಾಂಗಿಲ್ಲ, ಸೀರಿ ತಗೋ ಅಂತ ಬರದಿದ್ರು." ಎಡಗಡೆಯ ಗುಂಪಿನಲ್ಲಿ ತನ್ನ ಮೇಲೆ ಬೆರಳಿಟ್ಟಳು. "ಇದೇ ಸೀರಿ."*

ಬಸವಕಲ್ಯಾಣದ ಸೊಸೆ

ಸೀರೆ ಚೆನ್ನಾಗಿ ಬಂತು. ಆದರೆ ಒಂದು ತಕರಾರು. "ನಿನ್ನ ಗಂಡ" ಅಂತ ಮೊಮ್ಮಗ ಬಿಡಿಸಿ ಹೇಳಬಾರದಿತ್ತು. ಆಯಿ ತಪ್ಪು ತಿಳಿದುಕೊಂಡರೆ ತಿಳಿದುಕೊಳ್ಳಲಿ. ಹೇಳಿ ಅವನು ಸಾಧಿಸಿದ್ದೇನು? ಈಗ ಆಕೆಗೆ ಗಂಡ ಇದ್ದೂ ಗುರುತು ಹಿಡಿಯಲಿಲ್ಲ ಅನ್ನುವ ಒಂದು ನೋವು ಜಾಸ್ತಿ ಆಯ್ತು.

ಯಾದಗಿರಿ ಓದುಗ

ಹೇಳದಿದ್ದರೆ ಮನಿ ಆರ್ಡರ್ ಮಾತೇ ಬರುವುದಿಲ್ಲ ಅಕ್ಕಾ. ಅರವತ್ತು ವರ್ಷ ಸಂಸಾರ ಮಾಡಿದ ಮನುಷ್ಯನ ಬಗ್ಗೆ ಮನೆಯವರಿಗೆ ಗೊತ್ತಿಲ್ಲದ್ದು ಹೊರಗೆ ಬಂದಿದ್ದು ಆ ತಪ್ಪಿನಿಂದಲೇ ಅಲ್ವಾ?

ಬಸವಕಲ್ಯಾಣದ ಸೊಸೆ

ಅದು ಕಥೆ ಬರೆಯುವವರ ಲಾಭ. ಆಯಿಗೆ ಏನು ಲಾಭ? ನಾನು ಒಪ್ಪುವುದಿಲ್ಲ.

ಪಿಕ್ಸೆಲ್ ಪಾಟೀಲ

ನನಗೂ ಮೊದಲನೇ ಕೊನೆಯೇ ಇಷ್ಟ. ಜನ ಖುಷಿಯಾಗಿ ಎದ್ದು ಹೋಗಬೇಕು.

ಹಳೇ ಸ್ಟುಡಿಯೋ

ಕಥೆಯ ವಿಚಾರ ನಿಮಗೆ ಬಿಟ್ಟಿದ್ದು. ಒಂದೇ ಮಾತು. ಶರಣು ಹಳೇ ಫೋಟೋವನ್ನು ಕೆಳಗಿಳಿಸಿದನಾ, ಅಲ್ಲೇ ಬಿಟ್ಟನಾ ಅಂತ ಎಲ್ಲೂ ಇಲ್ಲ. ಹೊಸದನ್ನು ಅದೇ ಮೊಳೆಗೆ ನೇತು ಹಾಕಿದರೆ ಇನ್ನು ಮೂವತ್ತು ವರ್ಷಕ್ಕೆ ಆ ಮನೆಯಲ್ಲಿ ಮುತ್ಯಾ ಮದುವೆಗೆ ಬಂದಿದ್ದ ಅಂತಲೇ ಎಲ್ಲರೂ ನಂಬುತ್ತಾರೆ. ಮುಂಬೈ ಮಾತು ಮರೆತು ಹೋಗುತ್ತದೆ. ಇಂಥ ಪ್ರಿಂಟಿನ ಹಿಂದೆ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್‌ನಿಂದ, ಯಾರನ್ನು ಯಾವ ವರ್ಷ ಸೇರಿಸಿದ್ದು ಅಂತ ಬರೆದಿಡಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದೆ. ಬಾಲ್‌ಪೆನ್ ಒತ್ತಿದರೆ ಮುಂದಿನಿಂದ ಗೆರೆ ಕಾಣುತ್ತದೆ. ಬರೆಯುವವರು ಕಡಿಮೆ.

ಸೇಡಂ ರಸ್ತೆ

ಹಳೇದು ಅಲ್ಲೇ ಇರುತ್ತದೆ ಸರ್. ಹೊಸದು ಎಲ್ಲಿಗೆ ಹೋಗುತ್ತದೆ ಅಂತ ಇನ್ನೂ ನನಗೇ ಗೊತ್ತಿಲ್ಲ. ಸೊಸೆಯವರ ತಕರಾರೂ ತಲೆಯಲ್ಲಿ ಕೂತಿದೆ. "ನಿನ್ನ ಗಂಡ" ತೆಗೆದು, "ನಮ್ಮ ಮುತ್ಯಾ" ಅನ್ನುವಲ್ಲೇ ನಿಲ್ಲಿಸಿ ನೋಡುತ್ತೇನೆ.

ಭೀಮಾ ತೀರ

ಸ್ಟುಡಿಯೋ ಸರ್, ನೀವು ಹೇಳಿದ ಹಾಗೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿದೆ. ಸೂಪರ್ ಮಾರ್ಕೆಟ್ ಕಡೆ ಒಬ್ಬರ ಹತ್ತಿರ ದಪ್ಪ ಮಷಿನ್ ಸಿಕ್ಕಿತು. ಮುಖ ಚಲೋ ಬಂದಿದೆ. ಆದರೆ ಭುಜದ ಹತ್ತಿರ ಬಣ್ಣಬಣ್ಣದ ಉಂಗುರ ಉಂಗುರ ಬಂದಿವೆ. ಮೂಲ ಫೋಟೋದಲ್ಲಿ ಕಣ್ಣಿಗೆ ಅಷ್ಟು ಕಾಣಲ್ಲ. ಮಷಿನ್ ಕೆಟ್ಟಿದೆಯಾ?

ಹಳೇ ಸ್ಟುಡಿಯೋ

ಮಷಿನ್ ಸರಿ ಇದೆ. ಫೋಟೋ ಗಾಜಿಗೆ ಪೂರ್ತಿ ಅಂಟದೆ, ಪೂರ್ತಿ ಬಿಡದೆ, ಕೂದಲಿಗಿಂತ ಸಣ್ಣ ಸಂದಿ ಇರುವ ಕಡೆ ಹಾಗೆ ಆಗುತ್ತದೆ. ಒತ್ತಿ ಸರಿ ಮಾಡಲು ಹೋಗಬೇಡಿ, ಇನ್ನಷ್ಟು ಅಂಟುತ್ತದೆ. ಸ್ಕ್ಯಾನರ್ ಬಿಟ್ಟು ಕ್ಯಾಮೆರಾದಲ್ಲಿ ಒಮ್ಮೆ ತೆಗೆಸಿ. ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ಎದುರಿಗೆ ಕಪ್ಪು ಬಟ್ಟೆ ಹಿಡಿಯಿರಿ, ಇಲ್ಲದಿದ್ದರೆ ಗಾಜಿನಲ್ಲಿ ನೀವೇ ಕಾಣುತ್ತೀರಿ. ಉಂಗುರ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ. ಭುಜದ ಮೇಲಾದರೆ ಕಷ್ಟವಿಲ್ಲ, ಪಕ್ಕದ ಬಟ್ಟೆಯಿಂದ ತುಂಬಿಸಬಹುದು. ಫೈಲು ಇಲ್ಲಿ ಹಾಕಿ, ಪಾಟೀಲರು ನೋಡುತ್ತಾರೆ.

ಪಿಕ್ಸೆಲ್ ಪಾಟೀಲ

ಹಾಕಿ ಹಾಕಿ. ಈ ಸಲ ಫ್ಲಿಪ್ ಮಾಡಲ್ಲ.